ಒಂದು ಪದ್ಯ, ಎರಡು ಅವಧಿ

(ಧಾರವಾಡದ ಲಕಮನಹಳ್ಳಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ರೂಪ)



ಇಂದು ನಾನು ಎತ್ತಿಕೊಂಡಿರುವ ವಿಷಯ ಬಹಳ ಸಣ್ಣದು. ಪ್ರೌಢಶಾಲೆಯಲ್ಲಿ ಒಂದು ಪದ್ಯಕ್ಕೆ ಎರಡು ಅವಧಿ ಸಿಕ್ಕರೆ ಅದರ ಪಾಠಯೋಜನೆಯನ್ನು ಹೇಗೆ ಬರೆಯಬೇಕು ಎಂಬುದಷ್ಟೇ. ಪದ್ಯಬೋಧನೆಯ ತತ್ತ್ವಗಳ ಬಗ್ಗೆ ಒಟ್ಟಾರೆ ಮಾತಾಡುವುದು ಸುಲಭ, ಆದರೆ ಅಂಥ ಮಾತನ್ನು ಕೇಳಿ ಹೋದವರು ಮರುದಿನ ಬೆಳಿಗ್ಗೆ ಯೋಜನೆಯ ಪುಸ್ತಕ ತೆರೆದಾಗ ಮತ್ತೆ ಹಳೆಯ ವಾಕ್ಯಗಳನ್ನೇ ಬರೆಯುತ್ತಾರೆ. ಆದ್ದರಿಂದ ಒಂದೇ ಪದ್ಯ ಹಿಡಿದು ಕೊನೆಯವರೆಗೂ ಹೋಗೋಣ. ಹತ್ತನೆಯ ತರಗತಿಯ ಪ್ರಥಮ ಭಾಷೆ ಕನ್ನಡದ ಪಠ್ಯದಲ್ಲಿರುವ, ಬೇಂದ್ರೆಯವರ ‘ಹಕ್ಕಿ ಹಾರುತಿದೆ ನೋಡಿದಿರಾ?’ ಎಂಬ ಪದ್ಯ ಅದು. 1932ರ ‘ಗರಿ’ ಸಂಕಲನದ್ದು. ಏಳು ನುಡಿಗಳು, ಪ್ರತಿ ನುಡಿಯಲ್ಲಿ ನಾಲ್ಕು ಸಾಲು, ಅದರ ಕೊನೆಗೆ ಶೀರ್ಷಿಕೆಯಲ್ಲಿರುವ ಅದೇ ಪ್ರಶ್ನೆ. ಕವಿ ನಮ್ಮೂರಿನವರು ಎಂಬ ಅಭಿಮಾನದಿಂದ ಇದನ್ನು ಆರಿಸಿಲ್ಲ. ಪದ್ಯದ ಪಾಠಯೋಜನೆಗಳಲ್ಲಿ ರೂಢಿಯಾಗಿಬಿಟ್ಟಿರುವ ಒಂದು ದೋಷ ಈ ಪದ್ಯವನ್ನು ಮುಂದಿಟ್ಟುಕೊಂಡರೆ ಚೆನ್ನಾಗಿ ಕಾಣುತ್ತದೆ, ಅದಕ್ಕಾಗಿ ಆರಿಸಿದ್ದೇನೆ.

ಆ ದೋಷ ಪದ್ಯವನ್ನು ಅವಧಿಗೆ ತಕ್ಕಂತೆ ಹಂಚುವುದು. ಏಳು ನುಡಿ, ಎರಡು ಅವಧಿ. ಹಾಗಾದರೆ ಇವತ್ತು ನಾಲ್ಕು, ನಾಳೆ ಮೂರು. ಮೊದಲ ಅವಧಿಯ ಆರಂಭದಲ್ಲಿ ಕವಿಪರಿಚಯ, ಆಮೇಲೆ ಈ ಹಕ್ಕಿ ಎಂದರೆ ಕಾಲ ಎಂಬ ಪೀಠಿಕೆ, ಆಮೇಲೆ ಸಾಲು ಓದು, ಅರ್ಥ ಹೇಳು, ಮುಂದಿನ ಸಾಲು ಓದು. ಎರಡನೆಯ ದಿನ ಉಳಿದ ಮೂರು ನುಡಿ, ಪ್ರಶ್ನೋತ್ತರ, ಮನೆಗೆಲಸಕ್ಕೆ ಸಾರಾಂಶ. ನೋಡುವುದಕ್ಕೆ ಅಚ್ಚುಕಟ್ಟಾಗಿದೆ, ತಪಾಸಣೆಗೆ ಬಂದವರು ಸಹಿ ಹಾಕುತ್ತಾರೆ. ಇದಕ್ಕೆ ಬದಲಾಗಿ ನಾನು ಮುಂದಿಡುವ ಮಾತು ಒಂದೇ: ಎರಡೂ ಅವಧಿಗಳಲ್ಲಿ ಪದ್ಯ ಇಡಿಯಾಗಿಯೇ ಇರಬೇಕು. ಹಂಚಬೇಕಾದದ್ದು ನುಡಿಗಳನ್ನಲ್ಲ, ಮಕ್ಕಳು ಮಾಡುವ ಕೆಲಸವನ್ನು. ಮೊದಲ ದಿನ ಹಕ್ಕಿಯನ್ನು ನೋಡುವ ಕೆಲಸ, ಎರಡನೆಯ ದಿನ ಅದು ಯಾವ ಹಕ್ಕಿ ಎಂದು ತೀರ್ಮಾನಿಸುವ ಕೆಲಸ.

ಇದು ನನ್ನ ರುಚಿಯ ಮಾತಲ್ಲ, ಪದ್ಯದ ವಾಕ್ಯರಚನೆಯೇ ಹೀಗೆ ಕೇಳುತ್ತದೆ. ನಾಲ್ಕನೆಯ ನುಡಿಯನ್ನು ತೆಗೆದುಕೊಳ್ಳಿ. ಸಾಮ್ರಾಜ್ಯಗಳ ಪಾಡು ಹೇಳುವ ನುಡಿ ಅದು. ಅಲ್ಲಿನ ಕ್ರಿಯಾಪದಗಳನ್ನು ಮಾತ್ರ ಬೇರೆ ಬರೆದರೆ ಒಕ್ಕಿ, ಮುಕ್ಕಿ, ತೇಲಿಸಿ, ಮುಳುಗಿಸಿ, ಕುಕ್ಕಿ ಎಂದು ಬರುತ್ತವೆ. ಎಲ್ಲವೂ ಕೃದಂತಾವ್ಯಯಗಳು. ಒಂದೂ ವಾಕ್ಯವನ್ನು ಮುಗಿಸುವ ಕ್ರಿಯಾಪದವಲ್ಲ. ಒಕ್ಕಿ ಏನು ಮಾಡಿತು, ಮುಕ್ಕಿ ಏನು ಮಾಡಿತು ಎಂದು ಕೇಳುತ್ತ ಹೋದರೆ ಉತ್ತರ ಸಿಗುವುದು ನುಡಿಯ ಕೊನೆಗೆ, ಹಕ್ಕಿ ಹಾರುವ ಆ ಪ್ರಶ್ನೆಯಲ್ಲಿ. ಐದನೆಯ ನುಡಿಯಲ್ಲೂ ಇದೇ ಕಥೆ: ಒರಸಿ, ತೆರೆಸಿ, ಚೇತನಗೊಳಿಸಿ, ಹರಸಿ. ಆರನೆಯದರಲ್ಲೂ ಮೀರಿ, ಹೀರಿ, ಏರಿ ಎಂದು ನಡೆಯುತ್ತದೆ. ಮೊದಲ ನುಡಿಯಲ್ಲಂತೂ ಕಾಲ, ದಿಕ್ಕು, ದೂರ ಇವೇ ಇವೆ, ಕೆಲಸವೆಲ್ಲ ಕೊನೆಯ ಸಾಲಿನ ಮೇಲೆ ಬೀಳುತ್ತದೆ. ಎರಡು, ಮೂರು ಮತ್ತು ಏಳನೆಯ ನುಡಿಗಳಲ್ಲಿ ಮಾತ್ರ ಒಳಗೇ ಪೂರ್ಣ ಕ್ರಿಯಾಪದಗಳು ಸಿಗುತ್ತವೆ. ಏಳರಲ್ಲಿ ನಾಲ್ಕು ನುಡಿಗಳು ಹೀಗೆ ಒಂದೇ ಉಸಿರಿನ ಒಂದೇ ವಾಕ್ಯವಾಗಿರುವಾಗ, ಪ್ರತಿ ಸಾಲಿಗೂ ನಿಂತು ಅರ್ಥ ಹೇಳುವ ಶಿಕ್ಷಕರು ಮಗುವಿಗೆ ಕೊಡುವುದು ಅಪೂರ್ಣ ವಾಕ್ಯದ ತುಣುಕುಗಳನ್ನು. ಅದು ವಾಕ್ಯ ಮುಗಿಯುವವರೆಗೆ ಕಾಯದೆ, ಸಾಮ್ರಾಜ್ಯ ಹಾಳಾಯಿತು, ದೊರೆಗಳು ಸತ್ತರು ಎಂದು ನಾಲ್ಕು ಬಿಡಿ ಸುದ್ದಿಗಳನ್ನು ಬರೆದುಕೊಳ್ಳುತ್ತದೆ. ಆ ಸುದ್ದಿಗಳಲ್ಲಿ ಹಕ್ಕಿ ಎಲ್ಲಿಯೂ ಇರುವುದಿಲ್ಲ. ಪಲ್ಲವಿಯ ಹಾಗೆ ಕೇಳುವ ಆ ಕೊನೆಯ ಸಾಲು ಅಲಂಕಾರಕ್ಕೆ ಬಂದದ್ದಲ್ಲ, ನುಡಿಯ ಕರ್ತೃಪದವೂ ಕ್ರಿಯಾಪದವೂ ಅಲ್ಲಿವೆ. ರೂಢಿಯ ಪಾಠದಲ್ಲಿ ಅದನ್ನು ‘ಇದು ಎಲ್ಲ ನುಡಿಯಲ್ಲೂ ಬರುತ್ತದೆ’ ಎಂದು ಹೇಳಿ ದಾಟಿಬಿಡುತ್ತೇವೆ.

ಇನ್ನೊಂದು ಆಧಾರವೂ ಇದೆ. ಹಕ್ಕಿ ನುಡಿಯಿಂದ ನುಡಿಗೆ ದೊಡ್ಡದಾಗುತ್ತ ಹೋಗುತ್ತದೆ. ಮೊದಲು ಅದಕ್ಕೆ ವೇಗ ಮಾತ್ರ ಇದೆ. ಎರಡನೆಯದರಲ್ಲಿ ಗರಿ, ಪುಚ್ಚ, ಬಣ್ಣ ಬರುತ್ತವೆ. ಇಲ್ಲಿಯವರೆಗೆ ಅದು ಕಣ್ಣಿಗೆ ಕಾಣುವ ಹಕ್ಕಿಯೇ. ಮೂರನೆಯದರಲ್ಲಿ ಮುಗಿಲೇ ಮೈ, ಸೂರ್ಯಚಂದ್ರರೇ ಕಣ್ಣು. ಆಮೇಲೆ ರಾಜ್ಯಗಳು, ಯುಗಗಳು, ಶುಕ್ರ ಚಂದ್ರ ಮಂಗಳಗಳನ್ನು ದಾಟುವ ಹಾರಾಟ, ಕೊನೆಗೆ ದಿಕ್ಕುಗಳ ಅಂಚಿನಾಚೆಗೆ ಚಾಚಿದ ಚುಂಚ. ಈ ಹಕ್ಕಿ ಕಾಲ ಎಂದು ಪದ್ಯ ಎಲ್ಲಿಯೂ ಬಾಯಿಬಿಟ್ಟು ಹೇಳುವುದಿಲ್ಲ. ಓದುಗ ಅದನ್ನು ಕಂಡುಕೊಳ್ಳಲಿ ಎಂದೇ ಅದರ ಅಳತೆ ಹೀಗೆ ಏರುತ್ತದೆ. ಪೀಠಿಕೆಯಲ್ಲಿ ಉತ್ತರ ಹೇಳಿಬಿಟ್ಟರೆ ಮಗು ಎರಡನೆಯ ನುಡಿಯ ಗರಿಯನ್ನು ಗರಿಯಾಗಿ ನೋಡುವ ಮೊದಲೇ ಅದನ್ನು ಹಗಲು-ರಾತ್ರಿ ಎಂದು ಅನುವಾದಿಸಿಕೊಳ್ಳುತ್ತದೆ. ನಾಲ್ಕು ನುಡಿ ಇವತ್ತು, ಮೂರು ನಾಳೆ ಎಂದು ತುಂಡು ಮಾಡಿದರೆ ಏರಿಕೆ ಅರ್ಧಕ್ಕೇ ನಿಂತು, ಮರುದಿನ ಮಕ್ಕಳಿಗೆ ಗ್ರಹಗಳ ನುಡಿ ಬೇರೆಯೇ ಒಂದು ಪಾಠದಂತೆ ಕಾಣುತ್ತದೆ.

ಈಗ ಯೋಜನೆ ಬರೆಯೋಣ. ಅವಧಿ 40 ನಿಮಿಷದ್ದು ಎಂದು ಇಟ್ಟುಕೊಂಡಿದ್ದೇನೆ. ಹಾಜರಿ, ಗದ್ದಲ ಕಳೆದರೆ ಕೈಗೆ ಸಿಗುವುದು 35. ಮೊದಲು ಬರೆಯಬೇಕಾದದ್ದು ಎರಡನೆಯ ಅವಧಿಯ ಕೊನೆಯ ಹತ್ತು ನಿಮಿಷ. ಏಕೆಂದರೆ ಮಕ್ಕಳು ಕೊನೆಗೆ ಏನು ಮಾಡಬಲ್ಲವರಾಗಬೇಕು ಎಂಬುದು ಗೊತ್ತಿಲ್ಲದೆ ಮೊದಲ ನಿಮಿಷವನ್ನು ಬರೆಯಲಾಗದು. ಕಲಿಕಾಫಲದ ಅಂಕಣದಲ್ಲಿ ನಾವು ಸಾಮಾನ್ಯವಾಗಿ ‘ವಿದ್ಯಾರ್ಥಿಗಳು ಪದ್ಯದ ಆಶಯವನ್ನು ಅರ್ಥೈಸಿಕೊಳ್ಳುವರು’ ಎಂದು ಬರೆಯುತ್ತೇವೆ. ಅರ್ಥೈಸಿಕೊಂಡರೋ ಇಲ್ಲವೋ ಎಂದು ಯಾವ ಗುರುತಿನಿಂದ ಹೇಳುವುದು? ಅದರ ಬದಲು ಹೀಗೆ ಬರೆಯಿರಿ: ವಿದ್ಯಾರ್ಥಿಯು ನಾಲ್ಕನೆಯ ಅಥವಾ ಐದನೆಯ ನುಡಿಯನ್ನು, ಹಕ್ಕಿಯನ್ನು ಕರ್ತೃವಾಗಿಟ್ಟು, ಒಂದೇ ಪೂರ್ಣ ಗದ್ಯವಾಕ್ಯವಾಗಿ ತನ್ನ ಮಾತಿನಲ್ಲಿ ಬರೆಯುವನು, ಹಕ್ಕಿ ಏನಿರಬಹುದು ಎಂಬ ತನ್ನ ತೀರ್ಮಾನಕ್ಕೆ ಪದ್ಯದ ಎರಡು ಪದಗಳನ್ನು ಆಧಾರವಾಗಿ ತೋರಿಸುವನು. ಇವೆರಡನ್ನೂ ಕಣ್ಣಿನಿಂದ ನೋಡಿ ಪರೀಕ್ಷಿಸಬಹುದು.

ಮೊದಲ ಅವಧಿಗೆ ಪುಸ್ತಕಗಳು ಮುಚ್ಚಿರಲಿ. ಕರಿಹಲಗೆಯ ಮೇಲೆ ಮೂರೇ ಪದಗಳು: ಎವೆ, ಗಾವುದ, ಪುಚ್ಚ. ಕಣ್ಣಿನ ರೆಪ್ಪೆ, ದೂರದ ಒಂದು ಹಳೆಯ ಅಳತೆ, ಬಾಲದ ಗರಿ. ಇವು ತಿಳಿಯದಿದ್ದರೆ ಹಕ್ಕಿ ಕಣ್ಣಿಗೆ ಕಟ್ಟುವುದಿಲ್ಲ, ಅದಕ್ಕೇ ಇವು ಮುಂಚೆ. ಮನ್ವಂತರ, ಹೊಂಚು ಮುಂತಾದವು ಆಮೇಲೆ, ಬೇಕೆನಿಸಿದಾಗ. ಚಿಕ್ಕೆ ಎಂಬುದನ್ನು ಧಾರವಾಡದ ಕಡೆಯ ಮಕ್ಕಳಿಗೆ ಹೇಳಿಕೊಡಬೇಕಾಗಿಲ್ಲ. ಹೊರಗಿನಿಂದ ಬಂದ ಮಗು ಕೇಳಿದರೆ ಪಕ್ಕದ ಮಗುವೇ ಹೇಳಲಿ. ನಂತರ ಶಿಕ್ಷಕರ ಓದು. ಈ ಪದ್ಯವನ್ನು ನಿಧಾನವಾಗಿ ಓದಿದರೂ ಎರಡು-ಮೂರು ನಿಮಿಷ ಸಾಕು, ಆದ್ದರಿಂದ ಇಡಿಯಾಗಿ ಓದಲು ಸಮಯವಿಲ್ಲ ಎಂಬ ಮಾತಿಗೆ ಅರ್ಥವಿಲ್ಲ. ಓದುವಾಗ ಒಂದೇ ಎಚ್ಚರ: ಕೃದಂತಾವ್ಯಯದಲ್ಲಿ ನಿಲ್ಲುವ ಸಾಲುಗಳ ಕೊನೆಗೆ ದನಿ ಇಳಿಸಬಾರದು. ಕೊನೆಯ ಸಾಲಿನವರೆಗೆ ದನಿ ಎತ್ತಿಕೊಂಡೇ ಹೋಗಬೇಕು. ಎರಡನೆಯ ಓದಿನಲ್ಲಿ ನಾಲ್ಕು ಸಾಲು ಶಿಕ್ಷಕರದು, ಐದನೆಯದು ತರಗತಿಯದು. ಇಷ್ಟಾಗುವ ಹೊತ್ತಿಗೆ ಹತ್ತು-ಹನ್ನೆರಡು ನಿಮಿಷ ಕಳೆದಿರುತ್ತದೆ. ಪದ್ಯ ಎರಡು ಸಲ ಕಿವಿಗೆ ಬಿದ್ದಿರುತ್ತದೆ, ವಾಕ್ಯ ಎಲ್ಲಿ ಮುಗಿಯುತ್ತದೆಂಬುದು ವ್ಯಾಕರಣದ ಮಾತೇ ಇಲ್ಲದೆ ತಿಳಿದಿರುತ್ತದೆ.

ಆಮೇಲೆ ಪುಸ್ತಕ ತೆರೆಯಲಿ. ತರಗತಿಯನ್ನು ಏಳು ಗುಂಪು ಮಾಡಿ ಗುಂಪಿಗೊಂದು ನುಡಿ ಕೊಡಿ. ಎಲ್ಲರಿಗೂ ಒಂದೇ ಪ್ರಶ್ನೆ: ನಿಮ್ಮ ನುಡಿಯಲ್ಲಿ ಹಕ್ಕಿಗೆ ಏನಿದೆ, ಅಥವಾ ಅದು ಏನು ಮಾಡುತ್ತಿದೆ? ಅರ್ಥ ಕೇಳಬೇಡಿ. ಕಂಡದ್ದನ್ನಷ್ಟೇ ಕೇಳಿ. ಹತ್ತು ನಿಮಿಷದ ನಂತರ ಗುಂಪಿನಿಂದ ಒಬ್ಬರು ಹೇಳಿದ್ದನ್ನು ಹಲಗೆಯ ಮೇಲೆ ಒಂದರ ಕೆಳಗೊಂದು ಬರೆದರೆ ಏರುತ್ತ ಹೋಗುವ ಅಳತೆ ಮಕ್ಕಳ ಕಣ್ಣೆದುರೇ ಇರುತ್ತದೆ. ಇಲ್ಲಿ ಶಿಕ್ಷಕರು ಕೇಳಬಹುದಾದ ಪ್ರಶ್ನೆ ಒಂದೇ: ಎಷ್ಟನೆಯ ನುಡಿಯಲ್ಲಿ ಇದು ಮಾಮೂಲು ಹಕ್ಕಿಯಲ್ಲ ಎಂಬ ಅನುಮಾನ ಬಂತು? ಕೊನೆಯ ಐದು ನಿಮಿಷ ಪ್ರತಿಯೊಬ್ಬರೂ ಒಂದು ಚೀಟಿಯಲ್ಲಿ ಎರಡು ಸಾಲು ಬರೆಯಬೇಕು. ಇದು ಯಾವ ಹಕ್ಕಿ, ಯಾವ ಪದ ನೋಡಿ ಹಾಗೆನ್ನುತ್ತೀರಿ? ಚೀಟಿಗಳನ್ನು ತೆಗೆದುಕೊಂಡು, ಸರಿ-ತಪ್ಪು ಹೇಳದೆ ಶಿಕ್ಷಕರು ತರಗತಿಯಿಂದ ಹೊರಗೆ ಬರಬೇಕು. ಯೋಜನೆಯಲ್ಲಿ ಅತ್ಯಂತ ಕಷ್ಟದ ಹೆಜ್ಜೆ ಇದೇ. ಉತ್ತರ ಹೇಳದೆ ಹೊರಬರುವ ಅಭ್ಯಾಸ ನಮ್ಮ ಕಸುಬಿನಲ್ಲಿ ಇಲ್ಲ.

ಈ ಚೀಟಿಯ ಉಪಾಯಕ್ಕೆ ಹಿನ್ನೆಲೆಯೊಂದಿದೆ. ಕೇಂಬ್ರಿಜ್‌ನಲ್ಲಿ ಐ. ಎ. ರಿಚರ್ಡ್ಸ್ ತನ್ನ ವಿದ್ಯಾರ್ಥಿಗಳಿಗೆ ಕವಿಯ ಹೆಸರು ತೆಗೆದ ಪದ್ಯಗಳನ್ನು ಕೊಟ್ಟು, ಅವರು ಬರೆದ ಅಭಿಪ್ರಾಯಗಳನ್ನು ಸಂಗ್ರಹಿಸಿ 1929ರಲ್ಲಿ ‘ಪ್ರ್ಯಾಕ್ಟಿಕಲ್ ಕ್ರಿಟಿಸಿಸಂ’ ಎಂಬ ಪುಸ್ತಕ ಪ್ರಕಟಿಸಿದ. ಬೆಲೆಕಟ್ಟುವುದು ಹಾಗಿರಲಿ, ಪದ್ಯ ಸರಳವಾಗಿ ಏನು ಹೇಳುತ್ತಿದೆ ಎಂಬುದನ್ನು ಹಿಡಿಯುವುದರಲ್ಲೇ ಎಷ್ಟೋ ಜನ ಎಡವಿದ್ದರು. ವಿಶ್ವವಿದ್ಯಾಲಯದವರ ಗತಿ ಅದಾದರೆ ಹದಿನೈದರ ಹರೆಯದವರನ್ನು ಕಂಡದ್ದರಿಂದ ನೇರವಾಗಿ ಆಶಯಕ್ಕೆ ಜಿಗಿಸುವುದು ಯಾವ ನ್ಯಾಯ? ರಿಚರ್ಡ್ಸ್‌ನಿಂದ ನಾವು ತೆಗೆದುಕೊಳ್ಳಬೇಕಾದದ್ದು ಕವಿಯ ಹೆಸರು ಮುಚ್ಚುವ ತಂತ್ರವನ್ನಲ್ಲ, ಪುಸ್ತಕದಲ್ಲಿ ಅದು ಹೇಗೂ ಅಚ್ಚಾಗಿರುತ್ತದೆ. ಪಾಠ ಮುಂದುವರಿಸುವ ಮೊದಲು ಓದುಗರ ಬರಹ ನೋಡುವ ಅಭ್ಯಾಸವನ್ನು ತೆಗೆದುಕೊಳ್ಳೋಣ.

ಎರಡನೆಯ ಅವಧಿ ಚೀಟಿಗಳಿಂದಲೇ ಶುರುವಾಗುತ್ತದೆ. ಐವತ್ತು ಚೀಟಿ ನೋಡಲು ಕಾಲು ಗಂಟೆ ಹಿಡಿಯುತ್ತದೆ. ಅವುಗಳನ್ನು ನಾಲ್ಕು ಗುಡ್ಡೆ ಮಾಡಿಟ್ಟುಕೊಳ್ಳಬಹುದು: ನಿಜವಾದ ಹಕ್ಕಿ ಎಂದವರು, ರಾಕೆಟ್ ಅಥವಾ ವಿಮಾನ ಎಂದವರು, ದೇವರು ಎಂದವರು, ಕಾಲ ಎಂದವರು. ರಾಕೆಟ್ ಎಂಬ ಉತ್ತರಕ್ಕೆ ನಗಬೇಡಿ. ಮಂಗಳಯಾನ, ಚಂದ್ರಯಾನಗಳ ಸುದ್ದಿ ಕೇಳಿ ಬೆಳೆದ ಮಗು ಆರನೆಯ ನುಡಿಯನ್ನು ಮತ್ತೆ ಹೇಗೆ ಓದೀತು? ಆ ನುಡಿಗೆ ಆ ಉತ್ತರ ಹೊಂದುತ್ತದೆ. ಉಳಿದ ನುಡಿಗಳಿಗೆ ಹೊಂದುತ್ತದೆಯೇ ನೋಡೋಣ ಎಂದು ಹಲಗೆಯ ಮೇಲಿನ ಪಟ್ಟಿಯ ಎದುರು ಪ್ರತಿ ಉತ್ತರವನ್ನೂ ಇಡುವುದೇ ಹತ್ತು ನಿಮಿಷದ ಕೆಲಸ. ಹೊಸ ಕಾಲದ ಎಳೆಯರನ್ನು ರಾಕೆಟ್ ಹರಸೀತೇ? ನಿಜವಾದ ಹಕ್ಕಿ ಯುಗದ ಹಣೆಬರಹ ಒರಸೀತೇ? ಕಾಲ ಎಂಬ ಉತ್ತರ ನಿಲ್ಲುತ್ತದೆ, ಆದರೆ ಅದು ಈಗ ಶಿಕ್ಷಕರು ಕೊಟ್ಟ ಉತ್ತರವಲ್ಲ, ಉಳಿದವುಗಳಿಗಿಂತ ಹೆಚ್ಚು ನುಡಿಗಳಿಗೆ ಹೊಂದಿದ ಉತ್ತರ. ದೇವರು ಎಂದವರ ವಾದವೂ ಅಷ್ಟು ಸುಲಭವಾಗಿ ಬೀಳುವುದಿಲ್ಲ. ಬೀಳದಿದ್ದರೆ ಬಿಡಿ. ಎರಡು ಉತ್ತರ ಉಳಿದುಕೊಂಡರೆ ಪಾಠ ಕೆಟ್ಟಿತೆಂದಲ್ಲ.

ಮುಂದಿನ ಹತ್ತು ನಿಮಿಷ ನಾಲ್ಕು ಮತ್ತು ಐದನೆಯ ನುಡಿಗಳಿಗೆ. ಮಕ್ಕಳು ಕ್ರಿಯಾಪದಗಳ ಕೆಳಗೆ ಗೆರೆ ಎಳೆಯಲಿ. ಒಕ್ಕುವುದು ಎಂದರೇನು ಎಂದು ಕೇಳಿದರೆ ಹೊಲಮನೆಯ ಮಗು ಕಣ, ರಾಶಿಯ ಮಾತು ಹೇಳುತ್ತದೆ. ಲಕಮನಹಳ್ಳಿಯ ಈ ಕೈಗಾರಿಕಾ ಪ್ರದೇಶದಲ್ಲಿ ಬೆಳೆದ ಮಗು ಅದನ್ನು ನೋಡಿರದೆ ಇರಬಹುದು, ಅದಕ್ಕೆ ತೆನೆಯಿಂದ ಕಾಳು ಬಿಡಿಸುವುದು ಎಂದು ಹೇಳಿದರೆ ಸಾಕು. ಮುಖ್ಯ ಪ್ರಶ್ನೆ ಆಮೇಲಿನದು. ಒಕ್ಕುವುದು, ಮುಕ್ಕುವುದು, ಕುಕ್ಕುವುದು ಇವೆಲ್ಲ ಯಾವ ಕೆಲಸಗಳು? ಕಾಳು ಕಂಡ ಯಾವ ಹಕ್ಕಿಯೂ ಮಾಡುವ ಕೆಲಸಗಳು. ಚಕ್ರವರ್ತಿಯ ನೆತ್ತಿಯ ಮೇಲೂ ಹಕ್ಕಿ ಮಾಡುವುದು ಅದನ್ನೇ. ಅಂದರೆ ಇದು ಸಾಮ್ರಾಜ್ಯಗಳ ಮೇಲಿನ ಕೋಪವಲ್ಲ, ಹಸಿದ ಹಕ್ಕಿಯ ಸಹಜ ವ್ಯಾಪಾರ. ಮರು ನುಡಿಯಲ್ಲಿ ಅದೇ ಹಕ್ಕಿ ರೆಕ್ಕೆ ಬೀಸಿ ಹರಸುತ್ತದೆ. ಈ ಎರಡು ನುಡಿಗಳನ್ನು ಒಟ್ಟಿಗೆ ಇಟ್ಟಾಗ ಮಾತ್ರ ಕಾಣುವ ಮಾತಿದು. ನಾಲ್ಕಕ್ಕೆ ಪಾಠ ನಿಲ್ಲಿಸುವ ರೂಢಿಯ ಯೋಜನೆ ಸರಿಯಾಗಿ ಇದೇ ಜಾಗದಲ್ಲಿ ಕತ್ತರಿ ಹಾಕುತ್ತದೆ. ಕೊನೆಯ ನುಡಿಗೆ ಎರಡು-ಮೂರು ನಿಮಿಷ. ಅಲ್ಲಿ ಕವಿಯ ದನಿಗೆ ಸಂಶಯ ಬರುತ್ತದೆ, ಬಲ್ಲವರು ಯಾರು ಎಂದು ಕೇಳುತ್ತಾನೆ ಎಂಬುದನ್ನು ಮಕ್ಕಳು ಗುರುತಿಸಿದರೆ ಸಾಕು, ವ್ಯಾಖ್ಯಾನ ಬೇಡ. ಉಳಿದ ಹತ್ತು ನಿಮಿಷ ಆಗಲೇ ಹೇಳಿದ ಬರವಣಿಗೆಗೆ.

ಪಾಠ ಕೆಟ್ಟದ್ದು ಗೊತ್ತಾಗುವುದೂ ಆ ಬರವಣಿಗೆಯಲ್ಲೇ. ‘ಕಾಲವು ರಾಜ್ಯಗಳನ್ನು ನಾಶಮಾಡುತ್ತದೆ. ರಾಜರನ್ನು ಕೊಲ್ಲುತ್ತದೆ’ ಎಂದು ಮಗು ಬರೆದಿದ್ದರೆ ಅದು ಗೈಡಿನ ಮಾತು. ಹಕ್ಕಿಯೂ ಇಲ್ಲ, ಕಾಳೂ ಇಲ್ಲ. ‘ಹಕ್ಕಿ ರಾಜ್ಯಗಳನ್ನು ಒಕ್ಕಿತು. ಹಕ್ಕಿ ಮುಕ್ಕಿತು’ ಎಂದು ತುಂಡುತುಂಡಾಗಿ ಬರೆದಿದ್ದರೆ ಪದಗಳು ತಿಳಿದಿವೆ, ವಾಕ್ಯ ತಿಳಿದಿಲ್ಲ; ಮೊದಲ ದಿನದ ಓದಿನಲ್ಲೇ ದನಿ ಇಳಿದಿರಬೇಕು. ರಾಜ್ಯಗಳನ್ನು ತೆನೆಯಂತೆ ಒಕ್ಕಿ, ತಿಂದು, ದೊರೆಗಳ ತಲೆಯನ್ನೂ ಕುಕ್ಕಿ ಆ ಹಕ್ಕಿ ಇನ್ನೂ ಹಾರುತ್ತಲೇ ಇದೆ ಎಂಬರ್ಥದ ಒಂದು ವಾಕ್ಯ ಬಂದಿದ್ದರೆ, ಕಾಗುಣಿತ ತಪ್ಪಿದ್ದರೂ ಆ ಮಗುವಿಗೆ ಪದ್ಯ ದಕ್ಕಿದೆ.

ಇಷ್ಟಕ್ಕೆ ಬರಬಹುದಾದ ಆಕ್ಷೇಪಗಳನ್ನು ನೋಡೋಣ. ಮೊದಲನೆಯದು, ಪಠ್ಯಪುಸ್ತಕದ ಪೀಠಿಕೆಯೂ ಗೈಡುಗಳೂ ಉತ್ತರವನ್ನು ಮೊದಲೇ ಹೇಳಿರುವಾಗ ನೀವು ಮುಚ್ಚಿಡುವುದೇನು ಎಂಬುದು. ಈ ಮಾತಿನಲ್ಲಿ ಹುರುಳಿದೆ. ಹೆಚ್ಚಿನ ಚೀಟಿಗಳಲ್ಲಿ ‘ಕಾಲ’ ಎಂದೇ ಬರಬಹುದು. ಆಗ ಚೀಟಿಯ ಎರಡನೆಯ ಸಾಲೇ ಮುಖ್ಯ: ಯಾವ ಪದ ನೋಡಿ? ಕೇಳಿದ್ದನ್ನು ಬರೆದ ಮಗುವಿಗೆ ಆ ಜಾಗ ಖಾಲಿ ಉಳಿಯುತ್ತದೆ. ಮರುದಿನದ ಪ್ರಶ್ನೆಯನ್ನೂ ತಿರುಗಿಸಬೇಕಾಗುತ್ತದೆ: ಕಾಲವೆಂದೇ ಇರಲಿ, ಹಾಗಾದರೆ ಕವಿ ಅದನ್ನು ನದಿ ಎನ್ನದೆ, ಚಕ್ರ ಎನ್ನದೆ ಹಕ್ಕಿ ಎಂದದ್ದು ಏಕೆ? ನದಿ ಮುಳುಗಿಸೀತು, ಕಾಳು ಕುಕ್ಕದು. ಚಕ್ರ ಉರುಳೀತು, ಮಕ್ಕಳನ್ನು ಹರಸದು. ಈ ಪ್ರಶ್ನೆಗೆ ಗೈಡಿನಲ್ಲಿ ಉತ್ತರ ಸಿಗಲಾರದು.

ಎರಡನೆಯದು ಪರೀಕ್ಷೆ. ಪದ್ಯಭಾಗ ಪೂರ್ಣಗೊಳಿಸುವುದು, ಸಂದರ್ಭದೊಂದಿಗೆ ಸ್ವಾರಸ್ಯ ವಿವರಿಸುವುದು, ಸಾರಾಂಶ ಬರೆಯುವುದು ಇವುಗಳಿಗೆ ಅಂಕ ಇರುವಾಗ ಚೀಟಿ, ಗುಂಪು ಎಂದು ಕಾಲ ಕಳೆದರೆ ಹೇಗೆ? ನನ್ನ ಲೆಕ್ಕದಲ್ಲಿ ಈ ಯೋಜನೆ ಪರೀಕ್ಷೆಗೂ ಹತ್ತಿರದ್ದೇ. ಎರಡು ಸಲ ಇಡಿಯಾಗಿ ಕೇಳಿ, ದನಿಗೂಡಿಸಿದ ಪದ್ಯ ಅರ್ಧ ಕಂಠಪಾಠವಾಗಿಯೇ ಇರುತ್ತದೆ. ಒಂದು ನುಡಿಯನ್ನು ಪೂರ್ಣ ವಾಕ್ಯವಾಗಿಸಬಲ್ಲವನಿಗೆ ಸಾರಾಂಶ ಎಂದರೆ ಅಂಥ ಏಳು ವಾಕ್ಯಗಳು. ಹಾಗಿದ್ದರೂ ಅಭ್ಯಾಸದ ಪ್ರಶ್ನೋತ್ತರಗಳಿಗೆ ಇಲ್ಲಿ ಜಾಗವಿಲ್ಲ ಎಂಬುದು ನಿಜ. ಅವು ಮನೆಗೆ ಹೋಗಬೇಕು, ತಿದ್ದುವ ಹೊರೆ ಶಿಕ್ಷಕರ ಮೇಲೆ ಬೀಳುತ್ತದೆ. ಅದನ್ನು ಮರೆಮಾಚುವುದಿಲ್ಲ.

ಕವಿಪರಿಚಯ ಎಲ್ಲಿ ಹೋಯಿತು ಎಂದು ಧಾರವಾಡದಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಬೇಂದ್ರೆಯವರ ವಿಷಯದಲ್ಲಿ ನಮ್ಮೂರಿನ ಶಿಕ್ಷಕರಿಗೆ ಇರುವ ಅಪಾಯವೇ ಬೇರೆ. ಸಾಧನಕೇರಿಯಿಂದ ಶುರುಮಾಡಿ, ಅಂಬಿಕಾತನಯದತ್ತ ಎಂಬ ಕಾವ್ಯನಾಮಕ್ಕೆ ಬಂದು, ‘ನಾಕುತಂತಿ’ಗೆ ಸಿಕ್ಕ ಜ್ಞಾನಪೀಠಕ್ಕೆ ತಲುಪುವಷ್ಟರಲ್ಲಿ ಗಂಟೆ ಬಾರಿಸಿರುತ್ತದೆ, ಹಕ್ಕಿ ಇನ್ನೂ ಹಾರಿರುವುದಿಲ್ಲ. ಎರಡನೆಯ ಅವಧಿಯಲ್ಲಿ ಬರವಣಿಗೆಗೆ ಮುಂಚೆ ಎರಡು ನಿಮಿಷ ಕವಿಯ ಬಗ್ಗೆ ಹೇಳಿದರೆ ಸಾಕು. ಅಷ್ಟರಲ್ಲಿ ಮಕ್ಕಳಿಗೇ ಈತ ಯಾರು ಎಂದು ಕೇಳಬೇಕೆನಿಸಿರುತ್ತದೆ. ಹಾಡಿನ ಮಾತೂ ಹೀಗೆಯೇ. ಮೊಬೈಲಿನಲ್ಲಿ ಭಾವಗೀತೆ ಹಾಕಿದರೆ ತರಗತಿ ನಿಶ್ಶಬ್ದವಾಗುತ್ತದೆ, ಖರೆ. ಆದರೆ ರಾಗ ಸಾಲುಗಳನ್ನು ಮರುಕಳಿಸುತ್ತದೆ, ಪಲ್ಲವಿಯನ್ನು ಎಳೆಯುತ್ತದೆ, ಮಕ್ಕಳು ಧಾಟಿ ಹಿಡಿದು ವಾಕ್ಯ ಬಿಡುತ್ತಾರೆ. ಹಾಡು ಪಾಠ ಮುಗಿದ ಮೇಲೆ ಇರಲಿ.

ಐದು ‘ಇ’ಗಳ ನಮೂನೆಯಲ್ಲಿ ಬರೆಯಬೇಕಲ್ಲ ಎಂಬವರಿಗೆ ಒಂದೇ ಮಾತು: ಶೀರ್ಷಿಕೆಗಳು ಅಡ್ಡಿಯಲ್ಲ. ಎರಡು ಓದು ತೊಡಗಿಸಿಕೊಳ್ಳುವಿಕೆ, ಗುಂಪಿನ ಪಟ್ಟಿ ಅನ್ವೇಷಣೆ, ಚೀಟಿಗಳ ಚರ್ಚೆ ವಿವರಣೆ, ಕ್ರಿಯಾಪದದ ಕೆಲಸ ವಿಸ್ತರಣೆ, ಬರವಣಿಗೆ ಮೌಲ್ಯಮಾಪನ. ನಮೂನೆ ಒಪ್ಪುತ್ತದೆ.

ನಿಜವಾಗಿ ಉತ್ತರಿಸಲು ಕಷ್ಟವಾದ ಆಕ್ಷೇಪ ಬೇರೆ. ಹತ್ತನೆಯ ತರಗತಿಗೆ ಬಂದರೂ ಸರಾಗವಾಗಿ ಓದಲಾರದ ಮಕ್ಕಳು, ಮನೆಯಲ್ಲಿ ಬೇರೆ ಭಾಷೆ ಆಡುವ ಮಕ್ಕಳು ಪ್ರತಿ ತರಗತಿಯಲ್ಲೂ ಇರುತ್ತಾರೆ. ಮುಚ್ಚಿದ ಪುಸ್ತಕದ ಓದು ಅವರಿಗೆ ಅನುಕೂಲವೇ, ಕಿವಿಯಲ್ಲಿ ಅವರು ಉಳಿದವರಿಗೆ ಸಮ. ಚೀಟಿಯನ್ನು ಬಾಯಲ್ಲಿ ಹೇಳಿದರೂ ನಡೆದೀತು. ಆದರೆ ಕೊನೆಯ ವಾಕ್ಯ ಅವರಿಂದ ಬರಲಿಕ್ಕಿಲ್ಲ. ಓದಿನ ಕೊರತೆಯನ್ನು ಎರಡು ಅವಧಿಯ ಯಾವ ಯೋಜನೆಯೂ ತುಂಬಲಾರದು. ಅದಕ್ಕೆ ಬೇರೆ ವೇಳೆ, ಬೇರೆ ಪಾಠ ಬೇಕು. ಹಾಗೆಯೇ ಈ ಯೋಜನೆಯನ್ನು ಎಲ್ಲ ಪದ್ಯಕ್ಕೂ ಹೊದಿಸಬಾರದು. ಅದೇ ಪುಸ್ತಕದ ‘ಹಲಗಲಿ ಬೇಡರು’ ಲಾವಣಿ ಕಥೆ ಹೇಳುತ್ತದೆ, ಅದನ್ನು ಘಟನೆಗೆ ತಕ್ಕಂತೆ ಎರಡು ಭಾಗ ಮಾಡಿದರೆ ನಷ್ಟವಿಲ್ಲ. ಕುಮಾರವ್ಯಾಸನ ಷಟ್ಪದಿಗೆ ಪದ ಬಿಡಿಸಿ ಅನ್ವಯ ಮಾಡುವ ಕೆಲಸವೇ ಮೊದಲ ಅವಧಿಯನ್ನು ತಿನ್ನುತ್ತದೆ. ಯೋಜನೆ ಹುಟ್ಟಬೇಕಾದದ್ದು ಆಯಾ ಪದ್ಯದ ವಾಕ್ಯ ಎಲ್ಲಿ ಮುಗಿಯುತ್ತದೆ ಎಂಬ ಪರಿಶೀಲನೆಯಿಂದ, ಕಳೆದ ವರ್ಷದ ಪುಸ್ತಕದಿಂದಲ್ಲ.

ಕೊನೆಗೆ, ಇಲ್ಲಿ ಕುಳಿತಿರುವ ಮುಖ್ಯೋಪಾಧ್ಯಾಯರಲ್ಲಿ ಒಂದು ವಿನಂತಿ. ವೇಳಾಪಟ್ಟಿ ಹಾಕುವಾಗ ಅನುಕೂಲವೆಂದು ಕನ್ನಡಕ್ಕೆ ಒಂದೇ ದಿನ ಜೋಡಿ ಅವಧಿ ಕೊಡುವ ರೂಢಿ ಕೆಲವೆಡೆ ಇದೆ. ಪದ್ಯದ ಪಾಠ ಇರುವ ವಾರ ದಯವಿಟ್ಟು ಹಾಗೆ ಮಾಡಬೇಡಿ, ಎರಡು ಅವಧಿಗಳನ್ನು ಎರಡು ದಿನಕ್ಕೆ ಇಡಿ. ಮಕ್ಕಳ ಚೀಟಿ ಓದಲು ಶಿಕ್ಷಕರಿಗೆ ನಡುವೆ ಒಂದು ರಾತ್ರಿ ಬೇಕು.